ಶಾಲಾ ಬಸ್ಸಿನಲ್ಲಿ ಮಗುವಿಗೆ ಪದೇ ಪದೇ ಕಿರುಕುಳ: ಪ್ರಾಂಶುಪಾಲರಿಗೆ ಪತ್ರ ಬರೆಯುವ ಬಗೆ

ಶಾಲೆಯೊಂದರಲ್ಲಿ ಪಾಠ ಮಾಡುತ್ತಲೇ ಆರು ವರ್ಷ ಬಸ್ಸುಗಳ ಉಸ್ತುವಾರಿಯನ್ನೂ ನೋಡಿಕೊಂಡಿದ್ದೆ. ಬಸ್ಸಿನ ಬಗ್ಗೆ ಯಾವ ದೂರು ಬಂದರೂ ಪ್ರಾಂಶುಪಾಲರು ಅದನ್ನು ಓದಿ, ಅಂಚಿನಲ್ಲಿ ಒಂದು ಸಾಲು ಬರೆದು ನನ್ನ ಮೇಜಿಗೆ ಕಳಿಸುತ್ತಿದ್ದರು. “ನನ್ನ ಮಗುವಿಗೆ ಬಸ್ಸಿನಲ್ಲಿ ದಿನಾ ಕಾಟ ಕೊಡುತ್ತಿದ್ದಾರೆ, ಕೂಡಲೇ ಕ್ರಮ ಕೈಗೊಳ್ಳಿ” ಎಂದಷ್ಟೇ ಇದ್ದ ಪತ್ರ ಬಂದಾಗ ನಾನು ಚಾಲಕರನ್ನು ವಿಚಾರಿಸುತ್ತಿದ್ದೆ, ಅವರು “ಅಂಥದ್ದೇನೂ ಇಲ್ಲ ಮೇಡಂ” ಎನ್ನುತ್ತಿದ್ದರು, ಬಸ್ಸಿನ ಸಹಾಯಕಿಗೆ ಸ್ವಲ್ಪ ಗಮನವಿಡಲು ಹೇಳಿದಲ್ಲಿಗೆ ವಿಷಯ ನಿಂತುಹೋಗುತ್ತಿತ್ತು. ಅದೇ “ಮಂಗಳವಾರ ಮನೆಗೆ ಬರುವ ಬಸ್ಸಿನಲ್ಲಿ, ನಾಲ್ಕನೇ ನಿಲ್ದಾಣ ದಾಟಿದ ಮೇಲೆ, ಹಿಂದಿನಿಂದ ಎರಡನೇ ಸಾಲಿನಲ್ಲಿ” ಎಂದು ಬರೆದಿದ್ದ ಪತ್ರ ಬಂದರೆ, ಅಂದಿನ ಬಸ್ಸು ಹೊರಡುವ ಮುಂಚೆಯೇ ಆ ಸಾಲಿನಲ್ಲಿ ಕೂರುವ ಮಕ್ಕಳು ಯಾರು ಎಂಬುದು ನನಗೆ ತಿಳಿದಿರುತ್ತಿತ್ತು.

ತರಗತಿಯಲ್ಲಾದರೆ ಮಕ್ಕಳ ಎದುರಿಗೆ ಶಿಕ್ಷಕರು ನಿಂತಿರುತ್ತಾರೆ. ಬಸ್ಸಿನಲ್ಲಿ ಚಾಲಕರ ಕಣ್ಣು ರಸ್ತೆಯ ಮೇಲಿರಬೇಕು, ಸಹಾಯಕಿ ಪ್ರತಿ ನಿಲ್ದಾಣದಲ್ಲೂ ಬಾಗಿಲಿಗೆ ಬಂದು ಮಕ್ಕಳನ್ನು ಇಳಿಸಬೇಕು, ಸೀಟಿನ ಬೆನ್ನು ಸಣ್ಣ ಮಗುವಿನ ತಲೆಗಿಂತ ಎತ್ತರವಿರುತ್ತದೆ. ಹಿಂದಿನ ಸಾಲುಗಳಲ್ಲಿ ಏನು ನಡೆಯುತ್ತದೆ ಎಂಬುದು ದೊಡ್ಡವರ ಕಣ್ಣಿಗೆ ಬೀಳದಿರುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಬಸ್ಸಿನಲ್ಲಿ ತಾವು ಎಂದೂ ಕೂರದ ಪ್ರಾಂಶುಪಾಲರನ್ನು ಆ ಹಿಂದಿನ ಸಾಲಿಗೆ ಕರೆದೊಯ್ದು ಕೂರಿಸುವುದೇ ನಿಮ್ಮ ಪತ್ರದ ಕೆಲಸ. ಅಂಥದ್ದೊಂದು ಪತ್ರವನ್ನು ಸಿದ್ಧಪಡಿಸುವುದು ಹೇಗೆ ಎಂಬುದನ್ನು ಒಂದನೇ ತರಗತಿಯ ಆರು ವರ್ಷದ ಹುಡುಗಿಯೊಬ್ಬಳ ಪ್ರಕರಣವನ್ನಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಹೆಜ್ಜೆ: ಮಗುವಿನ ಮಾತು ಕೇಳುವುದು, ಹಾಗೆಯೇ ಬರೆದಿಡುವುದು

ಐದಾರು ವರ್ಷದ ಮಗುವಿಗೆ ನಡೆದದ್ದು ನೆನಪಿರುತ್ತದೆ, ಆದರೆ ಎಂದು ನಡೆಯಿತು, ಎಷ್ಟು ಸಲ ನಡೆಯಿತು ಎಂಬ ಲೆಕ್ಕ ಇರುವುದಿಲ್ಲ. ಆ ವಯಸ್ಸಿನಲ್ಲಿ “ನಿನ್ನೆ” ಎಂದರೆ ಹಿಂದಿನ ಯಾವ ದಿನವೂ ಆಗಬಹುದು. ಆದ್ದರಿಂದ “ಎಷ್ಟು ಸಲ ಹೀಗೆ ಮಾಡಿದರು?” ಎಂದು ಒತ್ತಾಯಿಸಿ ಕೇಳಿದರೆ ಮಗು ಬಾಯಿಗೆ ಬಂದ ಒಂದು ಸಂಖ್ಯೆಯನ್ನು ಹೇಳುತ್ತದೆ, ನಾಳೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ಇನ್ನೊಂದು ಸಂಖ್ಯೆಯನ್ನು ಹೇಳುತ್ತದೆ. ಆಗ ನಿಜ ಹೇಳುತ್ತಿರುವ ಮಗುವಿನ ಮೇಲೆಯೇ ಅನುಮಾನ ಹುಟ್ಟುತ್ತದೆ. ದಿನವನ್ನು ಬೇರೆ ಗುರುತುಗಳಿಂದ ಹಿಡಿಯಬೇಕು. ಅಂದು ಚಿತ್ರಕಲೆಯ ತರಗತಿ ಇತ್ತೇ, ಬಿಳಿ ಬೂಟು ಹಾಕಿಕೊಂಡು ಹೋಗಿದ್ದ ದಿನವೇ ಎಂದು ಕೇಳಿದರೆ ವೇಳಾಪಟ್ಟಿಯಿಂದ ತಾರೀಖನ್ನು ನೀವೇ ಕಂಡುಹಿಡಿಯಬಹುದು. ಸಮಯಕ್ಕೆ ಬಸ್ಸಿನ ನಿಲ್ದಾಣಗಳೇ ಗಡಿಯಾರ: “ಆಗ ನಿನ್ನ ಗೆಳತಿ ಇಳಿದಾಗಿತ್ತಾ, ಇನ್ನೂ ಬಸ್ಸಿನಲ್ಲಿದ್ದಳಾ?” ಎಂಬ ಒಂದೇ ಪ್ರಶ್ನೆಯಿಂದ ಹತ್ತು ನಿಮಿಷದ ಅಂತರದೊಳಗೆ ಘಟನೆಯನ್ನು ಗುರುತಿಸಲು ಬರುತ್ತದೆ.

ಕೇಳುವ ರೀತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. “ಆ ಹುಡುಗ ನಿನಗೆ ಹೊಡೆದನಾ?” ಎಂಬ ಪ್ರಶ್ನೆಯಲ್ಲಿ ಉತ್ತರ ಆಗಲೇ ಅಡಗಿದೆ, ಸಣ್ಣ ಮಕ್ಕಳು ಅಪ್ಪ ಅಮ್ಮನ ಮುಖ ನೋಡಿ ಅದಕ್ಕೆ ತಲೆಯಾಡಿಸಿಬಿಡುತ್ತಾರೆ. “ಇವತ್ತು ಬಸ್ಸಿನಲ್ಲಿ ಏನಾಯಿತು ಹೇಳು, ಆಮೇಲೆ ಏನಾಯಿತು?” ಎಂದು ಕೇಳಿ ಸುಮ್ಮನಾಗಿ. ಒಮ್ಮೆ ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಬೇಡಿ. ಮೊದಲು ಹೇಳಿದ್ದು ತಪ್ಪಾಗಿತ್ತೇನೋ ಎಂದುಕೊಂಡು ಮಗು ಉತ್ತರವನ್ನೇ ಬದಲಿಸುತ್ತದೆ. “ನೀನೇಕೆ ತಿರುಗಿ ಬೈಯಲಿಲ್ಲ” ಎಂಬ ಮಾತಂತೂ ಬೇಡವೇ ಬೇಡ, ಅದರಿಂದ ಮಗು ಹೇಳುವುದನ್ನೇ ನಿಲ್ಲಿಸುತ್ತದೆ.

ನಮ್ಮ ಪ್ರಕರಣದ ತಾಯಿ ಮಾಡಿದ ಒಂದು ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಒಂದು ಹಾಳೆಯ ಮೇಲೆ ಉದ್ದನೆಯ ಚೌಕಟ್ಟು ಎಳೆದು, ಎರಡು ಕಡೆ ಸೀಟುಗಳ ಪುಟ್ಟ ಚೌಕಗಳನ್ನು ಹಾಕಿ, ಮುಂದೆ ಸ್ಟೀರಿಂಗಿನ ಒಂದು ಸುತ್ತನ್ನು ಬರೆದು, ಬಣ್ಣದ ಪೆನ್ಸಿಲನ್ನು ಮಗಳ ಕೈಗೆ ಕೊಟ್ಟು, “ನೀನೆಲ್ಲಿ ಕೂತಿದ್ದೆ, ತೋರಿಸು” ಎಂದಿದ್ದರು. ಮಗು ಹಿಂದಿನಿಂದ ಮೂರನೇ ಸಾಲಿನ ಕಿಟಕಿಯ ಚೌಕಕ್ಕೆ ಕೆಂಪು ಬಣ್ಣ ತುಂಬಿತ್ತು. ಅದರ ಹಿಂದಿನ ಸಾಲಿನಲ್ಲಿ ಎರಡು ಚೌಕಗಳನ್ನು ಕಪ್ಪಾಗಿಸಿ, “ಇಲ್ಲಿ ಕನ್ನಡಕದ ಅಣ್ಣ, ಇಲ್ಲಿ ಇನ್ನೊಬ್ಬ ದೊಡ್ಡ ಅಣ್ಣ, ಆಂಟಿ ಇಲ್ಲಿ” ಎಂದು ಬಾಗಿಲಿನ ಹತ್ತಿರ ಒಂದು ಚುಕ್ಕಿ ಇಟ್ಟಿತ್ತು. ಆ ಹಾಳೆ ಪತ್ರದ ಜೊತೆ ನನ್ನ ಮೇಜಿಗೆ ಬಂತು. ಬಾಗಿಲಿನ ಚುಕ್ಕಿಗೂ ಕೆಂಪು ಚೌಕಕ್ಕೂ ನಡುವೆ ಎಷ್ಟು ಸಾಲುಗಳಿವೆ ಎಂಬುದನ್ನು ಎಣಿಸಿದಾಗ ಸಹಾಯಕಿಗೆ ಏಕೆ ಏನೂ ಕಂಡಿರಲಿಲ್ಲ ಎಂಬುದು ನನಗೆ ಅರ್ಥವಾಯಿತು.

ಮಗು ಹೇಳಿದ್ದನ್ನು ಅಂದೇ ರಾತ್ರಿ, ಅದರದೇ ಶಬ್ದಗಳಲ್ಲಿ, ತಾರೀಖು ಹಾಕಿ ಬರೆದಿಡಿ. “ಬ್ಯಾಗ್ ಕಿತ್ತುಕೊಂಡು ಹಿಂದೆ ಎಸೆದರು” ಎಂದು ಮಗು ಹೇಳಿದ್ದರೆ ನೀವು ಅದನ್ನು “ದೌರ್ಜನ್ಯ ಎಸಗಿದರು” ಎಂದು ತಿದ್ದಬೇಡಿ. ಹರಿದ ಜಿಪ್ಪು, ನೆನೆದ ಪುಸ್ತಕ, ತೋಳಿನ ಮೇಲಿನ ಗುರುತು ಏನಿದ್ದರೂ ಅಂದೇ ಫೋಟೋ ತೆಗೆದು, ಮೂಲ ಫೋಟೋವನ್ನು ಅಳಿಸದೆ ಇಟ್ಟುಕೊಳ್ಳಿ.

ಇದು ಜಗಳವೇ, ಕಿರುಕುಳವೇ ಎಂದು ನೋಡಿಕೊಳ್ಳುವುದು

ಇಬ್ಬರು ಸಮವಯಸ್ಕರು ಕಿಟಕಿಯ ಸೀಟಿಗಾಗಿ ಕಚ್ಚಾಡಿದರೆ ಅದು ಜಗಳ. ಕಿರುಕುಳದ ಬಗ್ಗೆ 1970ರ ದಶಕದಲ್ಲೇ ಅಧ್ಯಯನ ಆರಂಭಿಸಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಮೂರು ಲಕ್ಷಣಗಳನ್ನು ಮುಂದಿಟ್ಟರು, ಶಾಲೆಗಳು ಇಂದಿಗೂ ಹೆಚ್ಚುಕಡಿಮೆ ಅವನ್ನೇ ಬಳಸುತ್ತವೆ: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಎರಡು ಕಡೆಯವರ ಬಲದಲ್ಲಿ ಅಂತರ. ಉದ್ದೇಶ ಏನಿತ್ತೆಂದು ನೀವು ಸಾಬೀತು ಮಾಡಲಾರಿರಿ, ಮಾಡಲು ಹೋಗಲೂ ಬೇಡಿ. ಉಳಿದ ಎರಡನ್ನು ನಿಮ್ಮ ಪತ್ರ ಸುಲಭವಾಗಿ ತೋರಿಸಬಲ್ಲದು. ಎರಡು ವಾರದಲ್ಲಿ ನಾಲ್ಕು ತಾರೀಖುಗಳು ಎಂದರೆ ಅದು ಪುನರಾವರ್ತನೆ. ಒಂದನೇ ತರಗತಿಯ ಒಂಟಿ ಮಗುವಿನ ಎದುರು ಐದನೇ ತರಗತಿಯ ಇಬ್ಬರು ಎಂದರೆ ಅದು ಬಲದ ಅಂತರ. ಇವೆರಡೂ ಪತ್ರದ ಮೊದಲ ಪ್ಯಾರಾದಲ್ಲೇ ಬಂದುಬಿಟ್ಟರೆ, “ಮಕ್ಕಳು ಆಡಿಕೊಂಡಿರುತ್ತಾರೆ ಬಿಡಿ” ಎಂಬ ಉತ್ತರ ಬರುವುದು ಕಷ್ಟ.

ಪತ್ರಕ್ಕಾಗಿ ಕಾಯಬಾರದ ಸಂದರ್ಭಗಳೂ ಇವೆ. ಮಗುವಿಗೆ ಗಾಯವಾಗಿದ್ದರೆ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ, ಅಂದೇ ಶಾಲೆಗೆ ಫೋನ್ ಮಾಡಿ, ಪತ್ರ ಆಮೇಲೆ. ಮಗುವಿನ ಖಾಸಗಿ ಅಂಗಗಳನ್ನು ಯಾರಾದರೂ ಮುಟ್ಟಿರುವ ಸುಳಿವು ಸಿಕ್ಕರೆ ನೀವೇ ಮತ್ತೆ ಮತ್ತೆ ಪ್ರಶ್ನಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಮಕ್ಕಳ ರಕ್ಷಣೆಯ ಅಧಿಕಾರಿಗಳನ್ನು ಅಥವಾ ಪೊಲೀಸರನ್ನು ಕೂಡಲೇ ಸಂಪರ್ಕಿಸಬೇಕು. ಈ ಲೇಖನದಲ್ಲಿರುವ ಕ್ರಮ ಅದಕ್ಕೆ ಹೊಂದುವುದಿಲ್ಲ.

ಕ್ಯಾಮೆರಾದ ವಿಷಯದಲ್ಲಿ ತಡಮಾಡಬಾರದು

ಬಸ್ಸಿನಲ್ಲಿ ಕ್ಯಾಮೆರಾ ಇದ್ದರೆ ಅದರ ದೃಶ್ಯಗಳು ಶಾಶ್ವತವಾಗಿ ಉಳಿಯುವುದಿಲ್ಲ. ಸಾಧನದಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಎಷ್ಟು ದಿನ ಉಳಿಯುತ್ತದೆ ಎಂಬುದು ಬಸ್ಸಿನಿಂದ ಬಸ್ಸಿಗೆ ಬೇರೆಯಾಗಿರುತ್ತದೆ, ಕೆಲವೇ ದಿನಗಳಲ್ಲಿ ಅಳಿಸಿಹೋಗುವುದೂ ಉಂಟು. ಪೂರ್ತಿ ಪತ್ರ ಸಿದ್ಧವಾಗುವವರೆಗೆ ಕಾಯದೆ, “ಇಂಥ ತಾರೀಖು, ಇಂಥ ಸಂಖ್ಯೆಯ ಬಸ್ಸು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾದಿರಿಸಬೇಕು, ವಿವರವಾದ ಪತ್ರ ನಾಳೆ ಕಳಿಸುತ್ತೇನೆ” ಎಂದು ಎರಡು ಸಾಲಿನ ಇಮೇಲನ್ನು ಅಂದೇ ಕಳಿಸಿಬಿಡಿ. ಬಸ್ಸು ಶಾಲೆಯದ್ದಲ್ಲದೆ ಗುತ್ತಿಗೆದಾರರದ್ದಾಗಿದ್ದರೆ ದೃಶ್ಯ ಅವರ ಬಳಿ ಇರುತ್ತದೆ, ಶಾಲೆ ಅವರಿಗೆ ತಿಳಿಸುವಷ್ಟರಲ್ಲಿ ಇನ್ನೂ ಒಂದೆರಡು ದಿನ ಹೋಗಬಹುದು.

ಇಲ್ಲಿ ಕೇಳಬೇಕಾದದ್ದು ದೃಶ್ಯವನ್ನು “ಕಾದಿರಿಸಿ, ನೀವು ನೋಡಿ” ಎಂದು. “ನನಗೆ ಕೊಡಿ” ಎಂದು ಮೊದಲೇ ಪಟ್ಟು ಹಿಡಿದರೆ, ಅದರಲ್ಲಿ ಬೇರೆ ಮಕ್ಕಳ ಮುಖಗಳಿವೆ ಎಂಬ ಕಾರಣಕ್ಕೆ ಶಾಲೆ ಹಿಂಜರಿಯುತ್ತದೆ, ಆ ಚರ್ಚೆ ಮುಗಿಯುವಷ್ಟರಲ್ಲಿ ದೃಶ್ಯವೇ ಉಳಿದಿರುವುದಿಲ್ಲ.

ಪತ್ರ

ಆ ತಾಯಿಯ ಪತ್ರದ ಮೊದಲ ಕರಡನ್ನು ಅವರು ಆಮೇಲೊಮ್ಮೆ ನನಗೆ ತೋರಿಸಿದ್ದರು. ಮೂರು ಪುಟವಿತ್ತು. ಮಗಳು ರಾತ್ರಿ ಅಳುತ್ತಿದ್ದದ್ದು, ತಮಗೆ ನಿದ್ದೆ ಬಾರದ್ದು, ಆ ಹುಡುಗರ ಮನೆಯವರ ಬಗ್ಗೆ ಕೇಳಿಬಂದದ್ದು, ಹಿಂದಿನ ವರ್ಷದ ಶುಲ್ಕದ ವಿಷಯದ ಅಸಮಾಧಾನ ಎಲ್ಲವೂ ಅದರಲ್ಲಿತ್ತು. ಬರೆಯುವಾಗಿನ ಅವರ ಸಂಕಟ ಅಕ್ಷರಗಳಲ್ಲೇ ಕಾಣುತ್ತಿತ್ತು. ಅವರು ಅದನ್ನು ಒಂದು ರಾತ್ರಿ ಹಾಗೆಯೇ ಇಟ್ಟು, ಬೆಳಿಗ್ಗೆ ಎದ್ದು, ತಾವು ಕಣ್ಣಾರೆ ಕಂಡದ್ದು ಯಾವುದು, ಮಗಳಿಂದ ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಗುರುತು ಹಾಕಿ, ಊಹಿಸಿದ್ದನ್ನೆಲ್ಲ ಹೊಡೆದುಹಾಕಿದರು. ಉಳಿದದ್ದು ಒಂದೂವರೆ ಪುಟ. ಕಳಿಸಿದ ಪತ್ರ ಸುಮಾರು ಹೀಗಿತ್ತು:

> ಇವರಿಂದ: (ಪೋಷಕರ ಹೆಸರು, ದೂರವಾಣಿ, ಇಮೇಲ್)
>
> ಇವರಿಗೆ: ಪ್ರಾಂಶುಪಾಲರು, (ಶಾಲೆಯ ಹೆಸರು)
>
> ದಿನಾಂಕ: 18, ಬುಧವಾರ
>
> ಮಾನ್ಯರೇ,
>
> ವಿಷಯ: 7ನೇ ಸಂಖ್ಯೆಯ ಬಸ್ಸಿನಲ್ಲಿ ಒಂದನೇ ತರಗತಿ ‘ಬಿ’ ವಿಭಾಗದ ನನ್ನ ಮಗಳಿಗೆ ಪದೇ ಪದೇ ಆಗುತ್ತಿರುವ ಕಿರುಕುಳದ ಬಗ್ಗೆ.
>
> ನನ್ನ ಮಗಳು (ಹೆಸರು, ವಯಸ್ಸು 6) ಶಾಲೆಯಿಂದ ಮನೆಗೆ ಬರುವ ಬಸ್ಸಿನಲ್ಲಿ, ತನಗಿಂತ ದೊಡ್ಡವರಾದ ಇಬ್ಬರು ಹುಡುಗರಿಂದ ಈ ತಿಂಗಳ 3ರಿಂದ 17ರವರೆಗೆ ಕನಿಷ್ಠ ನಾಲ್ಕು ಬಾರಿ ಕಿರುಕುಳ ಅನುಭವಿಸಿದ್ದಾಳೆ. ಬಸ್ಸು 3.20ಕ್ಕೆ ಶಾಲೆಯಿಂದ ಹೊರಟು 3.55ಕ್ಕೆ ನಮ್ಮ ನಿಲ್ದಾಣ ತಲುಪುತ್ತದೆ. ಅವಳ ಮಾತಿನ ಪ್ರಕಾರ ಇದೆಲ್ಲ ನಡೆಯುವುದು ನಾಲ್ಕನೇ ನಿಲ್ದಾಣದ ನಂತರ, ಸಹಾಯಕಿಯವರು ಬಾಗಿಲ ಬಳಿ ಮಕ್ಕಳನ್ನು ಇಳಿಸುತ್ತಿರುವಾಗ.
>
> 3, ಮಂಗಳವಾರ: ಅವಳ ಬ್ಯಾಗನ್ನು ಕಿತ್ತುಕೊಂಡು ಹಿಂದಿನ ಸೀಟುಗಳ ನಡುವೆ ಎಸೆದಾಡಿದರು ಎಂದು ಹೇಳಿದಳು. ಮನೆಗೆ ಬಂದಾಗ ಬ್ಯಾಗಿನ ಜಿಪ್ಪು ಹರಿದಿದ್ದನ್ನು ನಾನು ನೋಡಿದೆ.
>
> 9, ಸೋಮವಾರ: ಖಾಲಿ ಇದ್ದ ಸೀಟಿನ ಮೇಲೆ ಕಾಲು ಚಾಚಿ “ಇದು ನಿನಗಲ್ಲ” ಎಂದು ಕೂರಗೊಡಲಿಲ್ಲವೆಂದೂ, ತಾನು ನಿಂತೇ ಬಂದೆನೆಂದೂ ಹೇಳಿದಳು.
>
> 12, ಗುರುವಾರ: ಅವಳದೇ ನೀರಿನ ಬಾಟಲಿಯನ್ನು ಬ್ಯಾಗಿನೊಳಗೆ ಸುರಿದರು ಎಂದು ಹೇಳಿದಳು. ಎರಡು ನೋಟ್‌ಪುಸ್ತಕಗಳು ನೆನೆದು ಅಕ್ಷರ ಹರಡಿದ್ದವು (ಫೋಟೋ 1). ಅಂದು ಸಹಾಯಕಿಯವರಿಗೆ ಹೇಳಿದಾಗ “ಜಗಳ ಆಡಬೇಡಿ, ಕೂತ್ಕೊಳ್ಳಿ” ಎಂದರಂತೆ.
>
> 17, ಮಂಗಳವಾರ: ಹಿಂದಿನಿಂದ ಎಡತೋಳನ್ನು ಹಿಡಿದು ಚಿವುಟಿದರು ಎಂದು ಹೇಳಿದಳು. ಸಂಜೆ 4.20ಕ್ಕೆ ತೆಗೆದ ಫೋಟೋದಲ್ಲಿ ಗುರುತು ಕಾಣುತ್ತದೆ (ಫೋಟೋ 2). ಅಂದು ರಾತ್ರಿ ಅವಳು “ನಾಳೆಯಿಂದ ನಡೆದುಕೊಂಡೇ ಹೋಗ್ತೀನಿ, ಎಷ್ಟು ದೂರ ಆದ್ರೂ ಪರವಾಗಿಲ್ಲ” ಎಂದಳು.
>
> ಆ ಇಬ್ಬರ ಹೆಸರು ಅವಳಿಗೆ ತಿಳಿದಿಲ್ಲ. ಐದನೇ ತರಗತಿಯವರೆಂದೂ, ಒಬ್ಬ ಹುಡುಗ ಕನ್ನಡಕ ಹಾಕುತ್ತಾನೆಂದೂ, ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂರುತ್ತಾರೆಂದೂ ಹೇಳುತ್ತಾಳೆ. ಅವಳು ಗುರುತಿಸಿದ ಸೀಟುಗಳ ಚಿತ್ರವನ್ನು ಲಗತ್ತಿಸಿದ್ದೇನೆ. ಈ ನಾಲ್ಕೂ ಘಟನೆಗಳನ್ನು ನಾನು ಕಣ್ಣಾರೆ ಕಂಡಿಲ್ಲ. ಹರಿದ ಜಿಪ್ಪು, ನೆನೆದ ಪುಸ್ತಕ, ತೋಳಿನ ಗುರುತು ಇವುಗಳನ್ನು ಮಾತ್ರ ನಾನೇ ನೋಡಿದ್ದೇನೆ.
>
> ತಮ್ಮಲ್ಲಿ ನನ್ನ ಕೋರಿಕೆಗಳು ಇವು. ನಾಳೆಯಿಂದಲೇ ನನ್ನ ಮಗಳಿಗೆ ಸಹಾಯಕಿಯವರ ಪಕ್ಕದ ಮುಂದಿನ ಸಾಲಿನಲ್ಲಿ ಸೀಟು ನಿಗದಿಪಡಿಸಿ, ಆ ಇಬ್ಬರಿಗೆ ಅವಳಿಂದ ದೂರದ, ದೊಡ್ಡವರ ಕಣ್ಣಿಗೆ ಕಾಣುವ ಸೀಟು ಕೊಡಬೇಕು. ಮೇಲಿನ ನಾಲ್ಕು ದಿನಗಳ 3.20ರಿಂದ 4.00ರವರೆಗಿನ ಕ್ಯಾಮೆರಾ ದೃಶ್ಯಗಳನ್ನು, ನಿನ್ನೆ ಇಮೇಲಿನಲ್ಲಿ ಕೋರಿದಂತೆ, ಅಳಿಸದೆ ಕಾದಿರಿಸಿ ತಾವು ಪರಿಶೀಲಿಸಬೇಕು. ಮಕ್ಕಳನ್ನು ವಿಚಾರಿಸುವಾಗ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು, ನನ್ನ ಮಗಳನ್ನು ಆ ಹುಡುಗರ ಎದುರಿಗೆ ನಿಲ್ಲಿಸಬಾರದು. ಈ ವಿಷಯದಲ್ಲಿ ನಾನು ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ತಿಳಿಸಬೇಕು.
>
> ಸೀಟಿನ ವಿಷಯದಲ್ಲಿ ನಾಳೆ ಬಸ್ಸು ಹೊರಡುವ ಮುಂಚೆಯೂ, ಉಳಿದವುಗಳ ಬಗ್ಗೆ 25ನೇ ತಾರೀಖಿನೊಳಗೂ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ತಮಗೆ ಅನುಕೂಲವಾದ ಸಮಯದಲ್ಲಿ ಬಂದು ಮಾತನಾಡಲು ಸಿದ್ಧಳಿದ್ದೇನೆ.
>
> ತಮ್ಮ ವಿಶ್ವಾಸಿ,
>
> (ಸಹಿ, ಹೆಸರು)
>
> ಲಗತ್ತು: ಫೋಟೋಗಳು 2, ಸೀಟುಗಳ ಚಿತ್ರ 1

ಈ ಪತ್ರ ಏಕೆ ಕೆಲಸ ಮಾಡಿತು

ಓದುವಾಗ ನನಗೆ ಮೊದಲು ನಂಬಿಕೆ ಹುಟ್ಟಿಸಿದ್ದು “ನಾನು ಕಣ್ಣಾರೆ ಕಂಡಿಲ್ಲ” ಎಂಬ ಸಾಲು. ಅದನ್ನು ಬರೆದರೆ ದೂರು ದುರ್ಬಲವಾದೀತು ಎಂದು ಅನೇಕ ಪೋಷಕರು ಹೆದರುತ್ತಾರೆ, ಆದರೆ ಆಗುವುದು ಅದರ ತದ್ವಿರುದ್ಧ. ಕಂಡದ್ದನ್ನೂ ಕೇಳಿದ್ದನ್ನೂ ತಾವೇ ಬೇರ್ಪಡಿಸಿ ಬರೆಯುವವರು ಉಳಿದದ್ದರಲ್ಲೂ ಉತ್ಪ್ರೇಕ್ಷೆ ಮಾಡಿರಲಾರರು ಎಂದು ಓದುವವರಿಗೆ ಅನಿಸುತ್ತದೆ. ಆ ಹುಡುಗರ ಪೋಷಕರು ನಾಳೆ ಶಾಲೆಗೆ ಬಂದು ವಾದಿಸಿದಾಗ, ಪ್ರಾಂಶುಪಾಲರು ಈ ಪತ್ರವನ್ನು ಕೈಯಲ್ಲಿ ಹಿಡಿದು ಧೈರ್ಯವಾಗಿ ಮಾತನಾಡಬಹುದು.

ಎರಡನೆಯದು, ಹುಡುಗರ ಬಗ್ಗೆ ಇದರಲ್ಲಿ ಒಂದೇ ಒಂದು ಬೈಗುಳದ ಶಬ್ದವಿಲ್ಲ. ಹತ್ತು ವರ್ಷದ ಮಕ್ಕಳೂ ಅದೇ ಶಾಲೆಯ ಮಕ್ಕಳೇ, ಅವರ ಹೊಣೆಯೂ ಪ್ರಾಂಶುಪಾಲರದ್ದೇ. “ರೌಡಿಗಳು” “ಸಂಸ್ಕಾರವಿಲ್ಲದವರು” ಎಂದು ಬರೆದ ಕೂಡಲೇ ಅವರು ಆ ಮಕ್ಕಳನ್ನು ಕಾಪಾಡಬೇಕಾದ ಜಾಗಕ್ಕೆ ಸರಿಯುತ್ತಾರೆ. ಹೆಸರು ಖಚಿತವಾಗಿ ಗೊತ್ತಿದ್ದರೆ ಪ್ರಾಂಶುಪಾಲರ ಪತ್ರದಲ್ಲಿ ನೇರವಾಗಿ ಬರೆಯಿರಿ, ಖಚಿತವಿಲ್ಲದಿದ್ದರೆ ಸೀಟು ಮತ್ತು ಗುರುತು ಸಾಕು. ತಪ್ಪು ಮಗುವಿನ ಹೆಸರು ಒಮ್ಮೆ ಹೊರಬಿತ್ತೆಂದರೆ ಮುಂದಿನ ಚರ್ಚೆಯೆಲ್ಲ ಅದರ ಮೇಲೆಯೇ ನಡೆಯುತ್ತದೆ.

ಮೂರನೆಯದು ಕೋರಿಕೆಗಳ ಸ್ವರೂಪ. “ಅವರನ್ನು ಶಾಲೆಯಿಂದ ತೆಗೆದುಹಾಕಿ” ಎಂಬುದು ತಾಯಿಯ ಮೊದಲ ಕರಡಿನಲ್ಲಿತ್ತು. ಅಂಥ ಬೇಡಿಕೆಯನ್ನು ಯಾವ ಪ್ರಾಂಶುಪಾಲರೂ ಒಂದು ಪತ್ರದ ಆಧಾರದ ಮೇಲೆ ಈಡೇರಿಸಲಾರರು, ಆದ್ದರಿಂದ ಅದು ಕಡತದಲ್ಲಿ ಕೂರುತ್ತದೆ. ಸೀಟು ಬದಲಿಸುವುದಕ್ಕೆ ಯಾವ ವಿಚಾರಣೆಯೂ ಮುಗಿಯಬೇಕಿಲ್ಲ, ಯಾರ ತಪ್ಪೂ ಸಾಬೀತಾಗಬೇಕಿಲ್ಲ. ನಾನು ಆ ಗುರುವಾರ 3.15ಕ್ಕೆ ಬಸ್ಸು ಹತ್ತಿ, ಮುಂದಿನ ಎರಡು ಸಾಲುಗಳನ್ನು ಸಣ್ಣ ಮಕ್ಕಳಿಗೆ ಬಿಡಿಸಿ, ಎಲ್ಲರ ಸೀಟನ್ನೂ ಹೆಸರು ಹಿಡಿದು ಹಂಚಿದೆ. ಐದು ನಿಮಿಷದ ಕೆಲಸ. ಇಡೀ ಬಸ್ಸಿಗೇ ಸೀಟು ನಿಗದಿ ಮಾಡಿದ್ದರಿಂದ ಯಾರ ದೂರಿನಿಂದ ಹೀಗಾಯಿತು ಎಂಬ ಪ್ರಶ್ನೆಯೂ ಏಳಲಿಲ್ಲ. ಇದೊಂದನ್ನು ನೀವೂ ಪತ್ರದಲ್ಲಿ ಸೂಚಿಸಬಹುದು, ಏಕೆಂದರೆ ದೂರು ಕೊಟ್ಟ ಮಗುವನ್ನು ಮಾತ್ರ ಎಬ್ಬಿಸಿ ಮುಂದೆ ಕೂರಿಸಿದರೆ, ಶಿಕ್ಷೆ ಆದದ್ದು ತನಗೇ ಎಂದು ಆ ಮಗು ತಿಳಿಯುತ್ತದೆ.

ಮಕ್ಕಳನ್ನು ಎದುರುಬದುರು ಕೂರಿಸಬಾರದು ಎಂಬ ಕೋರಿಕೆಯನ್ನು ಮರೆಯಬೇಡಿ. ಇಬ್ಬರನ್ನೂ ಕರೆಸಿ, ಕ್ಷಮೆ ಕೇಳಿಸಿ, ಕೈಕುಲುಕಿಸಿ ಕಳಿಸುವುದು ಒಳ್ಳೆಯ ಮನಸ್ಸಿನ ಶಿಕ್ಷಕರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಸಮಬಲದ ಜಗಳಕ್ಕೆ ಅದು ಸರಿ. ಕಿರುಕುಳದಲ್ಲಿ ಸಣ್ಣ ಮಗು ದೊಡ್ಡವರ ಮುಖ ನೋಡಿ “ಏನೂ ಆಗಿಲ್ಲ ಮಿಸ್” ಎಂದುಬಿಡುತ್ತದೆ, ಕಡತವೂ ಅಲ್ಲಿಗೇ ಮುಚ್ಚಿಹೋಗುತ್ತದೆ, ಮಾರನೆಯ ದಿನ ಬಸ್ಸಿನಲ್ಲಿ ಮಗುವಿಗೆ ಇನ್ನೂ ಹೆಚ್ಚು ಕಾಟ ಕಾದಿರುತ್ತದೆ.

ಕಳಿಸುವುದು, ಮತ್ತು ಆ ನಡುವೆ ಮಾಡಬಾರದ್ದು

ಇಮೇಲಿನಲ್ಲಿ ಕಳಿಸಿ, ಅದೇ ಪತ್ರದ ಮುದ್ರಿತ ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ತರಗತಿ ಶಿಕ್ಷಕರಿಗೆ ಒಂದು ಪ್ರತಿ ಕೊಡುವುದು ಒಳ್ಳೆಯದು, ಏಕೆಂದರೆ ಬಸ್ಸಿನಲ್ಲಿ ಆದದ್ದರ ಪರಿಣಾಮ ಬೆಳಿಗ್ಗೆಯ ಮೊದಲ ಪಾಠದಲ್ಲೇ ಅವರಿಗೆ ಕಾಣುತ್ತಿರುತ್ತದೆ. ಆಡಳಿತ ಮಂಡಳಿಗೆ, ಇಲಾಖೆಗೆ ಮೊದಲ ದಿನವೇ ಪ್ರತಿ ಕಳಿಸುವುದು ಬೇಡ. ಪ್ರಾಂಶುಪಾಲರಿಗೆ ಸರಿಪಡಿಸುವ ಅವಕಾಶವನ್ನೇ ಕೊಡದೆ ಮೇಲಿನವರಿಗೆ ದೂರಿದಂತಾಗುತ್ತದೆ, ಅವರ ಮೊದಲ ಉತ್ತರ ನಿಮಗೆ ಹೋಗುವ ಬದಲು ಮೇಲಿನವರಿಗೆ ಹೋಗುತ್ತದೆ.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯವನ್ನು ಹಾಕಬೇಡಿ. ಆ ಹುಡುಗರ ಮನೆಗೆ ಹೋಗಬೇಡಿ, ನಿಲ್ದಾಣದಲ್ಲಿ ಬಸ್ಸು ಹತ್ತಿ ಅವರನ್ನು ಗದರಿಸಲೂ ಬೇಡಿ. ಬೇರೆಯವರ ಮಗುವನ್ನು ದೊಡ್ಡವರೊಬ್ಬರು ಬಸ್ಸಿನಲ್ಲಿ ಗದರಿಸಿದ ಘಟನೆ ಒಂದಿದ್ದರೆ ಸಾಕು, ನಿಮ್ಮ ನಾಲ್ಕು ತಾರೀಖುಗಳನ್ನು ಎಲ್ಲರೂ ಮರೆತು ಅದೊಂದರ ವಿಚಾರಣೆ ನಡೆಸುತ್ತಾರೆ. ಹಾಗೆ ಕೈಮೀರಿದ ಒಂದು ಪ್ರಕರಣವನ್ನು ನಾನು ನೋಡಿದ್ದೇನೆ. ಆ ಮಗುವಿನ ತಂದೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಆದರೂ ವರ್ಷದ ಕೊನೆಯಲ್ಲಿ ಬೇರೆ ಬಸ್ಸಿಗೆ ಹೋದದ್ದು ಅವರ ಮಗುವೇ.

ಉತ್ತರ ಬಂದ ಮೇಲೆ, ಬಾರದಿದ್ದರೆ

ಮಾತುಕತೆಗೆ ಕರೆದರೆ ಪತ್ರದ ಪ್ರತಿಯನ್ನು ಹಿಡಿದು ಹೋಗಿ, ಮಗುವನ್ನು ಹೊರಗೆ ಯಾರ ಬಳಿಯಾದರೂ ಬಿಟ್ಟು ಮಾತನಾಡಿ. ಆ ಹುಡುಗರಿಗೆ ಏನು ಶಿಕ್ಷೆಯಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಹೇಳುವುದಿಲ್ಲ, ನಿಮ್ಮ ಮಗುವಿನ ವಿಷಯವನ್ನು ಬೇರೆ ಪೋಷಕರಿಗೆ ಹೇಳದಿರುವಂತೆಯೇ ಅದು. ಅಲ್ಲಿ ಜಗ್ಗಾಡುವ ಬದಲು, ಬಸ್ಸಿನಲ್ಲಿ ಏನು ಬದಲಾಗಿದೆ, ನಾಲ್ಕನೇ ನಿಲ್ದಾಣದ ನಂತರ ಹಿಂದಿನ ಸಾಲುಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನದವರೆಗೆ ನೋಡುತ್ತಾರೆ ಎಂದು ಕೇಳಿ. ಮನೆಗೆ ಬಂದ ಕೂಡಲೇ “ಇಂದು ಮಾತನಾಡಿದಂತೆ ಇವಿಷ್ಟು ಒಪ್ಪಿಗೆಯಾಗಿವೆ, ನಾನು ತಪ್ಪು ತಿಳಿದಿದ್ದರೆ ತಿದ್ದಿ” ಎಂದು ನಾಲ್ಕು ಸಾಲಿನ ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಆದ ಒಪ್ಪಂದ ಲಿಖಿತವಾಗುವುದು ಹೀಗೆಯೇ.

ಹೇಳಿದ ತಾರೀಖಿನೊಳಗೆ ಉತ್ತರ ಬಾರದಿದ್ದರೆ ಮೊದಲ ಪತ್ರದ ದಿನಾಂಕವನ್ನು ಉಲ್ಲೇಖಿಸಿ, ನಡುವೆ ಹೊಸ ಘಟನೆ ನಡೆದಿದ್ದರೆ ಅದನ್ನು ಸೇರಿಸಿ, ಎರಡನೇ ಪತ್ರ ಬರೆಯಿರಿ. ಅದಕ್ಕೂ ಮೂರು ಶಾಲಾ ದಿನಗಳಲ್ಲಿ ಉತ್ತರವಿಲ್ಲದಿದ್ದರೆ ಆಗ ಆಡಳಿತ ಮಂಡಳಿಗೆ, ಅದರ ನಂತರ ಶಾಲೆಯ ಮೇಲ್ವಿಚಾರಣೆ ನಡೆಸುವ ಇಲಾಖೆಗೆ, ಎರಡೂ ಪತ್ರಗಳ ಪ್ರತಿಗಳೊಂದಿಗೆ ಹೋಗುವುದು ನ್ಯಾಯವಾಗಿಯೇ ಇರುತ್ತದೆ.

ಕಿರುಕುಳ ನಿಂತಿತು ಎಂದು ಬೇಗ ತೀರ್ಮಾನಿಸಬೇಡಿ. ದೊಡ್ಡವರ ಗಮನವಿರುವ ಮೊದಲ ವಾರ ಎಲ್ಲವೂ ಶಾಂತವಾಗಿರುತ್ತದೆ, ಸಹಾಯಕಿ ಮತ್ತೆ ಹಳೆಯ ಅಭ್ಯಾಸಕ್ಕೆ ಮರಳುವುದು ಎರಡನೇ ಮೂರನೇ ವಾರದಲ್ಲಿ. ಕೆಲವೊಮ್ಮೆ ಕಾಟ ಬಸ್ಸಿನಿಂದ ಸಾಲು ನಿಲ್ಲುವ ಜಾಗಕ್ಕೋ ಊಟದ ವಿರಾಮಕ್ಕೋ ಸರಿದಿರುತ್ತದೆ. ದಿನಾ ವಿಚಾರಣೆ ಮಾಡದೆ, ವಾರಕ್ಕೆರಡು ಸಲ “ಇವತ್ತು ಬಸ್ಸಿನಲ್ಲಿ ಯಾರ ಪಕ್ಕ ಕೂತಿದ್ದೆ?” ಎಂದು ಕೇಳಿದರೆ ಸಾಕಷ್ಟು ತಿಳಿಯುತ್ತದೆ. ಹತ್ತು ಶಾಲಾ ದಿನಗಳಾದ ಮೇಲೆ, ಏನೂ ಆಗಿರದಿದ್ದರೂ, ಒಂದು ಚಿಕ್ಕ ಪತ್ರ ಬರೆಯಿರಿ.

ಆ ತಾಯಿ ಬರೆದದ್ದು ಇಷ್ಟು: “ಮಾನ್ಯರೇ, 18ನೇ ತಾರೀಖಿನ ನನ್ನ ಪತ್ರಕ್ಕೆ ಸಂಬಂಧಿಸಿದಂತೆ, ಕಳೆದ ಹತ್ತು ಶಾಲಾ ದಿನಗಳಲ್ಲಿ ಬಸ್ಸಿನಲ್ಲಿ ಯಾವ ಘಟನೆಯೂ ನಡೆದಿಲ್ಲ ಎಂದು ಮಗಳು ಹೇಳುತ್ತಾಳೆ. ಸೀಟುಗಳ ಈ ವ್ಯವಸ್ಥೆಯನ್ನು ಈ ಶೈಕ್ಷಣಿಕ ವರ್ಷ ಮುಗಿಯುವವರೆಗೂ ಮುಂದುವರಿಸಬೇಕೆಂದು ಕೋರುತ್ತೇನೆ. ಮುಂದಿನ ವರ್ಷ ಬಸ್ಸಿನ ಪಟ್ಟಿ ತಯಾರಿಸುವಾಗಲೂ ಇದನ್ನು ಗಮನದಲ್ಲಿಡಬೇಕೆಂದು ವಿನಂತಿ.” ಆ ಕೊನೆಯ ಸಾಲನ್ನು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬಸ್ಸಿನ ಕಡತದಲ್ಲಿಟ್ಟೆ, ಏಕೆಂದರೆ ಹೊಸ ವರ್ಷದಲ್ಲಿ ಸಹಾಯಕಿ ಬದಲಾಗುತ್ತಾರೆ, ಪಟ್ಟಿ ಹೊಸದಾಗುತ್ತದೆ, ಹಿಂದಿನ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರಬಾರದು ಎಂಬುದು ಆ ಕಾಗದದಲ್ಲಿ ಮಾತ್ರ ಉಳಿದಿರುತ್ತದೆ.